ಒಂದೇ ದೂರು ಮೂರು ದಾರಿಯಲ್ಲಿ ಬಂದಾಗ: ಜಮ್ಮಾಡ್ ಮೂರು ವರ್ಷ ಬಳಸಿದ ಮೇಲೆ

ನಾನು ಸೋಲಾರ್ ವಾಟರ್ ಹೀಟರ್ ಸರ್ವೀಸ್ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ದೂರು ತೆಗೆದುಕೊಳ್ಳುವ ಡೆಸ್ಕ್ ನೋಡಿಕೊಳ್ಳುತ್ತೇನೆ. ಡೆಸ್ಕ್‌ನಲ್ಲಿ ನಾವು ನಾಲ್ಕು ಜನ. ದೂರುಗಳು ಫೋನಿನಲ್ಲಿ ಬರುತ್ತವೆ, ಇಮೇಲ್‌ನಲ್ಲಿ ಬರುತ್ತವೆ, ನಮ್ಮ ವೆಬ್‌ಸೈಟಿನ ಫಾರ್ಮ್‌ನಲ್ಲೂ ಬರುತ್ತವೆ. ಮೂರು ವರ್ಷದಿಂದ ಇವೆಲ್ಲವನ್ನೂ ಜಮ್ಮಾಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಡುತ್ತಿದ್ದೇವೆ. ಬಂದ ಪ್ರತಿ ದೂರೂ ಅದರಲ್ಲಿ ನಂಬರ್ ಇರುವ ಒಂದು ಟಿಕೆಟ್ ಆಗುತ್ತದೆ. ಹುಡುಕುವವರು `Zammad` ಎಂದು ಟೈಪ್ ಮಾಡಿ. ಇದು ಓಪನ್ ಸೋರ್ಸ್, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡಿದ್ದೇವೆ.

ಇದರ ಬಗ್ಗೆ ಹೇಳಲು ಬಹಳ ಇದೆ. ಆದರೆ ನಾನು ಒಂದೇ ಕೆಲಸದ ಬಗ್ಗೆ ಬರೆಯುತ್ತೇನೆ. ಒಂದೇ ತೊಂದರೆ ಬೇರೆ ಬೇರೆ ದಾರಿಯಲ್ಲಿ ಎರಡು ಮೂರು ಟಿಕೆಟ್ ಆಗಿ ಬಂದು ಬಾಕಿ ಕೂತಾಗ, ಅವನ್ನು ಒಂದು ಮಾಡುವುದು. ನಮ್ಮ ದಿನದ ಅರ್ಧ ತಲೆನೋವು ಅದೇ.

ಒಂದು ಉದಾಹರಣೆ ಹೇಳುತ್ತೇನೆ. ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. "ಏನಮ್ಮ, ಎರಡು ದಿನದಿಂದ ಬಿಸಿನೀರಿಲ್ಲ. ಒಂದು ಹನಿಯೂ ಬರ್ತಿಲ್ಲ" ಅಂದರು. ನಾನು ಫೋನ್ ಟಿಕೆಟ್ ತೆರೆದೆ. ಅವರಿಗೆ ಇಮೇಲ್ ಇಲ್ಲ, ಹೆಸರು ಮತ್ತು ಮೊಬೈಲ್ ನಂಬರ್ ಮಾತ್ರ ಬರೆದುಕೊಂಡೆ.

ಅಷ್ಟು ಹೊತ್ತಿಗೆ ಪಟ್ಟಿಯಲ್ಲಿ ಇನ್ನೆರಡು ಟಿಕೆಟ್ ಇದ್ದವು. ಒಂದು ಶನಿವಾರ ಸಂಜೆ ವೆಬ್ ಫಾರ್ಮ್‌ನಿಂದ ಬಂದಿದ್ದು: "ತಾರಸಿ ತುಂಬಾ ನೀರು, ಓವರ್‌ಹೆಡ್ ಟ್ಯಾಂಕ್ ಖಾಲಿಯಾಗ್ತಿದೆ. ಸೋಲಾರ್‌ಗೆ ಹೋಗುವ ವಾಲ್ವ್ ಸದ್ಯಕ್ಕೆ ಮುಚ್ಚಿದ್ದೇನೆ." ಇನ್ನೊಂದು ಭಾನುವಾರ ರಾತ್ರಿ ಅಮೆರಿಕದಿಂದ ಬಂದ ಇಮೇಲ್. ಅದರಲ್ಲಿ ಒಡೆದ ಗಾಜಿನ ಟ್ಯೂಬಿನ ಫೋಟೋ ಇತ್ತು, ಕೆಳಗೆ "ದಯವಿಟ್ಟು ಬೇಗ ನೋಡಿ" ಎಂದಷ್ಟೇ ಇತ್ತು.

ಮೂರೂ ಒಂದೇ ಮನೆ. ಫಾರ್ಮ್ ತುಂಬಿದವರು ಮಹಡಿ ಮೇಲಿನ ಬಾಡಿಗೆದಾರರು. ಇಮೇಲ್ ಮಾಡಿದ್ದು ಮೇಷ್ಟ್ರ ಮಗ. ಆದರೆ ಜಮ್ಮಾಡ್‌ಗೆ ಇವರು ಮೂರು ಬೇರೆ ಗ್ರಾಹಕರು. ಹೆಸರು ಬೇರೆ, ಇಮೇಲ್ ಬೇರೆ, ದೂರಿನ ಮಾತೂ ಬೇರೆ. ಒಬ್ಬರು ಸೋರಿಕೆ ಅಂದರು, ಒಬ್ಬರು ಬಿಸಿನೀರಿಲ್ಲ ಅಂದರು, ಒಬ್ಬರು ಟ್ಯೂಬ್ ಅಂದರು.

ಮೂರನ್ನೂ ಒಟ್ಟಿಗೆ ಓದಿದರೆ ಮಾತ್ರ ಕತೆ ಪೂರ್ತಿಯಾಗುತ್ತದೆ. ಟ್ಯೂಬ್ ಒಡೆದಿದೆ, ಅದರಿಂದ ನೀರು ಸೋರಿದೆ. ಬಾಡಿಗೆದಾರರು ವಾಲ್ವ್ ಮುಚ್ಚಿದ್ದಾರೆ. ಅದು ಗೊತ್ತಿಲ್ಲದ ಮೇಷ್ಟ್ರಿಗೆ ನಲ್ಲಿಯಲ್ಲಿ ಬಿಸಿನೀರು ನಿಂತಿದೆ. ಇನ್ನೂ ಮುಖ್ಯವಾದದ್ದು ಒಂದಿದೆ. ಸೋಲಾರ್ ಟ್ಯಾಂಕ್ ಖಾಲಿ, ಸಂಪರ್ಕದಲ್ಲಿರುವ ಬೇರೆ ಟ್ಯೂಬ್‌ಗಳಿಗೂ ಹೊಸ ನೀರಿಲ್ಲ, ಎರಡು ದಿನ ಬಿಸಿಲಿಗೆ ಕಾದಿವೆ. ನಮ್ಮ ರಿಪೇರಿ ಹುಡುಗ ಮಧ್ಯಾಹ್ನ ಹೋಗಿ ವಾಲ್ವ್ ತೆರೆದರೆ, ಕಾದ ಗಾಜಿಗೆ ತಣ್ಣೀರು ಬಿದ್ದು ಚೆನ್ನಾಗಿರುವ ಟ್ಯೂಬ್‌ಗಳೂ ಒಡೆಯಬಹುದು. ಫೋನ್ ಟಿಕೆಟ್ ಒಂದನ್ನೇ ಕೈಗೆ ಕೊಟ್ಟಿದ್ದರೆ ಅವನು ಬರಿ ವಾಲ್ವ್ ಮುಚ್ಚಿದೆ ಅಂದುಕೊಂಡು ಅದನ್ನೇ ಮಾಡುತ್ತಿದ್ದ. ನಾವು ಮೂರನ್ನೂ ಸೇರಿಸಿ, ಮರುದಿನ ಬಿಸಿಲು ಏರುವ ಮೊದಲು ಹೋಗಲು ಹೇಳಿದೆವು. 58 ಮಿ.ಮೀ. ವ್ಯಾಸ, 1800 ಮಿ.ಮೀ. ಉದ್ದದ ಒಂದು ಟ್ಯೂಬ್ ಮತ್ತು ಅದರ ಸಿಲಿಕಾನ್ ರಿಂಗ್ ಜೊತೆಗೇ ಕೊಟ್ಟೆವು. ಒಂದೇ ಸಲಕ್ಕೆ ಕೆಲಸ ಮುಗಿಯಿತು.

ಈಗ ಸೇರಿಸುವ ಬಗೆ. ಟಿಕೆಟ್ ತೆರೆದು ಬಲಗಡೆಯ ಮೆನುವಿನಲ್ಲಿ `Merge` ಒತ್ತಬೇಕು. ಯಾವ ಟಿಕೆಟ್‌ಗೆ ಸೇರಿಸಬೇಕೋ ಅದರ ನಂಬರ್ ಕೊಡಬೇಕು. ಅದೇ ಗ್ರಾಹಕರ ಇತ್ತೀಚಿನ ಟಿಕೆಟ್‌ಗಳನ್ನು, ನಾವು ಈಚೆಗೆ ತೆರೆದು ನೋಡಿದವನ್ನೂ ಅದೇ ತೋರಿಸುತ್ತದೆ. ಅದರಲ್ಲಿ ಇಲ್ಲದ ಬೇರೆ ಗ್ರಾಹಕರದ್ದಾದರೆ ನಂಬರ್ ನಾವೇ ಟೈಪ್ ಮಾಡಬೇಕು. ನೀವು ತೆರೆದಿಟ್ಟ ಟಿಕೆಟ್‌ನ ಸಂದೇಶಗಳೆಲ್ಲ ಆ ಇನ್ನೊಂದಕ್ಕೆ ಹೋಗುತ್ತವೆ. ತೆರೆದಿಟ್ಟದ್ದು `merged` ಆಗಿ ಮುಚ್ಚಿಕೊಳ್ಳುತ್ತದೆ. ದಿಕ್ಕು ನೆನಪಿಡಿ: ತೆರೆದಿರುವುದು ಹೋಗುತ್ತದೆ, ನಂಬರ್ ಕೊಟ್ಟದ್ದು ಉಳಿಯುತ್ತದೆ. ಹೊಸದಾಗಿ ಸೇರಿದವರು ಮೊದಲ ವಾರ ಇಲ್ಲೇ ತಪ್ಪುತ್ತಾರೆ.

ಯಾವುದನ್ನು ಉಳಿಸಬೇಕು? ಎಲ್ಲಕ್ಕಿಂತ ಹಳೆಯದನ್ನು. ಶುರುವಿನಲ್ಲಿ ನಾವು ಜಾಸ್ತಿ ವಿವರ ಇರುವ ಟಿಕೆಟ್ ಉಳಿಸುತ್ತಿದ್ದೆವು. ಅದು ಸಾಮಾನ್ಯವಾಗಿ ಕೊನೆಗೆ ಬಂದಿದ್ದು. ಆಗ ಶನಿವಾರದಿಂದ ಕಾಯುತ್ತಿರುವ ಮನೆ ಪಟ್ಟಿಯಲ್ಲಿ ಸೋಮವಾರ ಬಂದ ಹಾಗೆ ಕಾಣುತ್ತಿತ್ತು, ಸರದಿಯಲ್ಲಿ ಹಿಂದೆ ಬೀಳುತ್ತಿತ್ತು. ಮೆಸೇಜ್‌ಗಳು ಹೇಗೂ ಬಂದು ಸೇರುತ್ತವೆ, ತಾರೀಕು ಮಾತ್ರ ಉಳಿದ ಟಿಕೆಟ್‌ನದ್ದೇ. ಹಾಗಾಗಿ ಮೇಷ್ಟ್ರ ಮನೆಯ ವಿಷಯದಲ್ಲಿ ಶನಿವಾರದ ವೆಬ್ ಟಿಕೆಟ್ ಉಳಿಸಿದೆ, ಮಿಕ್ಕೆರಡನ್ನು ಅದಕ್ಕೆ ಸೇರಿಸಿದೆ.

ಇಲ್ಲಿ ಇನ್ನೊಂದು ಗಮನಿಸಬೇಕು. ಸೇರಿಸಿದಾಗ ಹೋಗುವುದು ಮುಖ್ಯವಾಗಿ ಸಂದೇಶಗಳು ಮತ್ತು ಅವುಗಳ ಫೈಲ್‌ಗಳು. ಮುಚ್ಚಿಹೋದ ಟಿಕೆಟ್‌ನಲ್ಲಿ ಗುರುವಾರಕ್ಕೆ `pending reminder` ಇಟ್ಟಿದ್ದರೆ ಆ ನೆನಪಿನ ಕರೆ ಅಲ್ಲೇ ನಿಂತಿತು ಅಂತಲೇ ತಿಳಿಯಿರಿ. ನಾವೇ ಸೇರಿಸಿಕೊಂಡ ಕಾಲಂಗಳಲ್ಲಿ ಬರೆದದ್ದನ್ನೂ ನಾವೇ ಎತ್ತಿ ಬರೆಯಬೇಕು. ಸೇರಿಸಿದ ತಕ್ಷಣ ಉಳಿದ ಟಿಕೆಟ್‌ನ ಸ್ಥಿತಿ, ಯಾರ ಹೆಸರಲ್ಲಿದೆ, ನೆನಪಿನ ದಿನ ಯಾವುದು, ಈ ಮೂರನ್ನು ನೋಡಿ ಸರಿಮಾಡುವುದು ಈಗ ನಮಗೆ ರೂಢಿಯಾಗಿದೆ.

ನನಗೆ ಬಹಳ ಇಷ್ಟವಾದದ್ದು ಆಮೇಲಿನ ನಡವಳಿಕೆ. ಮಗ ತನಗೆ ಬಂದಿದ್ದ ಹಳೆಯ ಟಿಕೆಟ್ ನಂಬರಿನ ಮೇಲ್‌ಗೇ ಎರಡು ದಿನ ಬಿಟ್ಟು ಉತ್ತರ ಬರೆದರು. ಅದು ಮುಚ್ಚಿದ ಟಿಕೆಟ್‌ಗೆ ಹೋಗಿ ಬೀಳಲಿಲ್ಲ, ನೇರವಾಗಿ ಉಳಿದ ಟಿಕೆಟ್‌ಗೆ ಬಂತು. ಮೇಷ್ಟ್ರು ಫೋನಿನಲ್ಲಿ ತಮ್ಮ ಹಳೆಯ ನಂಬರ್ ಹೇಳಿದರೂ ಹುಡುಕಿದರೆ ಸಿಗುತ್ತದೆ, ಅಲ್ಲಿಂದ ಮುಖ್ಯ ಟಿಕೆಟ್‌ಗೆ ಲಿಂಕ್ ಇರುತ್ತದೆ. "ಆ ನಂಬರ್ ಈಗಿಲ್ಲ ಸರ್" ಎಂದು ವಯಸ್ಸಾದವರಿಗೆ ಹೇಳುವ ಪರಿಸ್ಥಿತಿ ಬರುವುದಿಲ್ಲ.

ಆದರೆ ಸೇರಿಸಿದ್ದನ್ನು ಗ್ರಾಹಕರಿಗೆ ತಿಳಿಸುವ ಕೆಲಸ ನಮ್ಮದು. ಉಳಿದ ಟಿಕೆಟ್‌ನ ಗ್ರಾಹಕರು ಒಬ್ಬರೇ, ಇಲ್ಲಿ ಬಾಡಿಗೆದಾರರು. ಮಗನ ವಿಳಾಸವನ್ನು ನಾವೇ ಸೇರಿಸಬೇಕು, ಮೇಷ್ಟ್ರಿಗೆ ಫೋನ್ ಮಾಡಬೇಕು.

ಇದರಲ್ಲೇ ಒಂದು ಸೂಕ್ಷ್ಮವೂ ಇದೆ. ಒಂದು ಸಲ ಬೇರೆ ಮನೆಯ ಬಾಡಿಗೆದಾರರೊಬ್ಬರು ದೂರಿನ ಜೊತೆ "ಓನರ್‌ಗೆ ಹೇಳಿ ಹೇಳಿ ಸಾಕಾಯ್ತು, ಅವರು ಕಿವಿಗೇ ಹಾಕಿಕೊಳ್ಳಲ್ಲ" ಎಂದು ಬರೆದಿದ್ದರು. ಅದನ್ನು ಓನರ್ ಹೆಸರಿನ ಟಿಕೆಟ್‌ಗೆ ಸೇರಿಸಿದರೆ, ಲಾಗಿನ್ ಇರುವ ಓನರ್ ಅದನ್ನು ಓದಬಹುದು. ಪುಣ್ಯಕ್ಕೆ ಸೇರಿಸುವ ಮೊದಲೇ ಕಣ್ಣಿಗೆ ಬಿತ್ತು. ಪ್ರತಿ ಸಂದೇಶವನ್ನೂ `internal` ಎಂದು ಗುರುತು ಮಾಡಲು ಆಗುತ್ತದೆ, ಆಗ ಡೆಸ್ಕ್‌ನವರಿಗೆ ಮಾತ್ರ ಕಾಣುತ್ತದೆ. ಬೇರೆ ಬೇರೆ ಜನರ ಟಿಕೆಟ್ ಸೇರಿಸುವಾಗ ನಾವು ಮೊದಲು ಅದನ್ನು ಮಾಡುತ್ತೇವೆ. ಉತ್ತರ ಬರೆಯುವಾಗ ಹಿಂದಿನ ಮಾತುಗಳು ಕೆಳಗೆ ಅಂಟಿಕೊಂಡು ಹೋಗುತ್ತಿಲ್ಲವೇ ಎಂದೂ ನೋಡಿಕೊಳ್ಳುತ್ತೇವೆ.

ಇನ್ನು ಒಂದೇ ದೂರು ಎಂದು ಗೊತ್ತಾಗುವುದು ಹೇಗೆ? ನಿಜವಾದ ಕಷ್ಟ ಇಲ್ಲಿದೆ. ಮೊದಲು ಮೊಬೈಲ್ ನಂಬರ್ ನಂಬಿದೆವು. ಒಬ್ಬರು +91 ಹಾಕುತ್ತಾರೆ, ಒಬ್ಬರು ಮುಂದೆ ಸೊನ್ನೆ ಹಾಕುತ್ತಾರೆ, ಮನೆಗೊಂದು ನಂಬರ್ ಅಂತೂ ಇಲ್ಲವೇ ಇಲ್ಲ. ಆಮೇಲೆ ಪ್ರತಿ ಟ್ಯಾಂಕಿಗೂ ಒಂದು ಕೋಡ್ ಕೊಟ್ಟೆವು. ಅದನ್ನು ಬಿಲ್ ಮೇಲೆ ಬರೆದೆವು, ಟ್ಯಾಂಕಿನ ಸ್ಟ್ಯಾಂಡ್ ಮೇಲೂ ಅಂಟಿಸಿದೆವು. ಟಿಕೆಟ್‌ನಲ್ಲಿ `site_code` ಎಂಬ ಹೊಸ ಕಾಲಂ ಮಾಡಿದೆವು. ದಿನಕ್ಕೆರಡು ಸಲ, ಹುಡುಗರಿಗೆ ರೂಟ್ ಹಾಕುವ ಮೊದಲು, ಹೀಗೆ ಹುಡುಕುತ್ತೇವೆ:

```
site_code:K0412A AND NOT state.name:merged AND NOT state.name:closed
```

ಎರಡು ಸಾಲು ಬಂದರೆ ಓದಿ ನೋಡುತ್ತೇವೆ. ಹೊಸ ಆವೃತ್ತಿಗಳಲ್ಲಿ ಟಿಕೆಟ್ ತೆರೆಯುವಾಗಲೇ ಅದೇ ಕೋಡ್ ಇರುವ ಇನ್ನೊಂದು ಟಿಕೆಟ್ ಇದ್ದರೆ ಎಚ್ಚರಿಸುವ ಸೌಲಭ್ಯವೂ ಇದೆ, ಯಾವ ಕಾಲಂ ಹೋಲಿಸಬೇಕು ಎಂದು ನಾವೇ ಆರಿಸಬಹುದು. ಫೋನ್ ಎತ್ತುವವರಿಗೆ ಅದು ದೊಡ್ಡ ಸಹಾಯ. ಫೋನ್ ಇಡುವ ಮೊದಲೇ "ಶನಿವಾರವೇ ಬರೆಸಿದ್ದೀರಲ್ಲ ಸರ್" ಎನ್ನಬಹುದು. ಆದರೆ ಇಮೇಲ್ ಮತ್ತು ಫಾರ್ಮ್ ಆ ಪರದೆಯ ಮೂಲಕ ಬರುವುದಿಲ್ಲ. ಜಮ್ಮಾಡ್ ಜೊತೆಗೆ ಬರುವ ಸಿದ್ಧ ಫಾರ್ಮ್‌ನಲ್ಲಿ ಹೆಸರು, ಇಮೇಲ್, ಸಂದೇಶ ಇಷ್ಟೇ. ಕೋಡ್ ಬರೆಯಲು ಬೇರೆ ಜಾಗ ಇಲ್ಲ. ಫಾರ್ಮ್‌ನ ಮೇಲೆ "ಬಿಲ್‌ನಲ್ಲಿರುವ ಕೋಡ್ ಸಂದೇಶದಲ್ಲಿ ಬರೆಯಿರಿ" ಎಂದು ಹಾಕಿದ್ದೇವೆ. ಬರೆದವರದ್ದನ್ನು ಕಾಲಂಗೆ ಏರಿಸುತ್ತೇವೆ, ಬರೆಯದವರಿಗೆ ಫೋನ್ ಮಾಡಿ ಕೇಳುತ್ತೇವೆ.

ಕೋಡ್ ಮನೆಗಲ್ಲ, ಟ್ಯಾಂಕಿಗೆ ಕೊಟ್ಟಿದ್ದಕ್ಕೂ ಕಾರಣ ಇದೆ. ಮೊದಲು ಮನೆಗೊಂದೇ ಕೋಡ್ ಇತ್ತು. ಒಂದು ಮನೆಯಿಂದ ಎರಡು ದಿನದ ಅಂತರದಲ್ಲಿ ಎರಡು ಟಿಕೆಟ್ ಬಂದವು, ಒಂದು ಫೋನ್, ಒಂದು ಇಮೇಲ್. ಒಂದೇ ಗ್ರಾಹಕರು, ಎರಡರಲ್ಲೂ "ನೀರು ಬಿಸಿಯಾಗ್ತಿಲ್ಲ". ನಾನು ಯೋಚಿಸದೆ ಸೇರಿಸಿದೆ. ಆ ಮನೆಯಲ್ಲಿ ಎರಡು ಹೀಟರ್ ಇದ್ದವು, ಕೆಳಗಿನ ಮನೆಗೊಂದು, ಮೇಲಿನದಕ್ಕೊಂದು. ಹುಡುಗ ಒಂದನ್ನು ರಿಪೇರಿ ಮಾಡಿ ಬಂದ, ಟಿಕೆಟ್ ಮುಚ್ಚಿದೆವು. ಮೇಲಿನ ಮನೆಯವರು ಇನ್ನೂ ಒಂದು ವಾರ ತಣ್ಣೀರು ಸ್ನಾನ ಮಾಡಿದರು. ಇವತ್ತಿಗೂ ಅದು ನನಗೆ ಬೇಸರ.

ಸೇರಿಸಿದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಇದು ಹಾಕಿಕೊಳ್ಳುವ ಮೊದಲೇ ತಿಳಿದಿರಬೇಕು. ಇರುವ ದಾರಿ `Split`: ಒಂದು ಸಂದೇಶವನ್ನು ಹಿಡಿದು ಅದರಿಂದ ಹೊಸ ಟಿಕೆಟ್ ಮಾಡುವುದು. ಅದಕ್ಕೆ ಹೊಸ ನಂಬರ್ ಬರುತ್ತದೆ, ಅವತ್ತಿನ ತಾರೀಕು ಬೀಳುತ್ತದೆ. ಅವರು ಮೊದಲು ಹೇಳಿದ ದಿನವನ್ನು ನಾವು ನೋಟ್‌ನಲ್ಲಿ ಬರೆದು, ಸರದಿಯಲ್ಲಿ ಕೈಯಿಂದಲೇ ಮುಂದಕ್ಕೆ ತರಬೇಕಾಯಿತು.

ಅದಾದ ಮೇಲೆ ಅನುಮಾನ ಇದ್ದರೆ ನಾವು ಸೇರಿಸುವುದಿಲ್ಲ. ಎರಡನ್ನೂ ಲಿಂಕ್ ಮಾಡಿ ಬಿಡುತ್ತೇವೆ, ಎರಡೂ ತೆರೆದೇ ಇರುತ್ತವೆ, ಒಬ್ಬನೇ ಹುಡುಗನ ಹೆಸರಿಗೆ ಹಾಕುತ್ತೇವೆ. ಅವನು ತಾರಸಿ ಹತ್ತಿ ಸ್ಟ್ಯಾಂಡ್ ಮೇಲಿನ ಕೋಡ್ ನೋಡಿ ಫೋನ್ ಮಾಡುತ್ತಾನೆ: "ಅಕ್ಕಾ, ಎರಡೂ ಎ ಟ್ಯಾಂಕೇ." ಆಗ ಸೇರಿಸುತ್ತೇನೆ.