ಅಗ್ಗದ ಮೊಬೈಲ್ ಕವರ್ ಲಾಟ್ ಎತ್ತೋ ಮುಂಚೆ ಇದನ್ನ ಓದ್ರಿ

ರಾಯಚೂರಿನ ತೀನ್ ಕಂದಿಲ್ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ ಅದ. ರೀಚಾರ್ಜ್, ಸ್ಕ್ರೀನ್ ಗಾರ್ಡ್, ಚಾರ್ಜರ್, ಕವರ್ ಮಾರುತ್ತೇನೆ. ಈ ವರ್ಷ ಬೇಸಿಗೆಗೆ ಮುಂಚೆ ಹೈದರಾಬಾದಿಗೆ ಹೋಗಿ ಒಂದೇ ಸಲಕ್ಕೆ 500 ಕವರ್ ತಂದೆ. ನಾಲ್ಕು ತಿಂಗಳು ಮಾರಿದ ಮೇಲೆ ಲೆಕ್ಕ ಬರೆದು ನೋಡಿದಾಗ ನನ್ನ ಕಣ್ಣು ತೆರೆಯಿತು. ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯ ಸಣ್ಣ ಅಂಗಡಿಯವರು ಇಂಥ ಲಾಟ್ ತರೋದನ್ನ ನೋಡುತ್ತಾ ಇದ್ದೇನೆ. ಅವರಿಗಾಗಿ ನನ್ನ ಲೆಕ್ಕವನ್ನು ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಯಾವಾಗಲೂ ತರುವ ಹಾಗೆ ಆರಿಸಿದ ಹೊಸ ಮಾಲು ತರಲಿಕ್ಕೆ. ಅದರ ರೇಟು ಪೀಸಿಗೆ 42 ರೂಪಾಯಿ. ಮಾಡಲ್ ನಾವೇ ಹೇಳಬಹುದು, ಒಂದೊಂದನ್ನೂ ನೋಡಿ ತೆಗೆದುಕೊಳ್ಳಬಹುದು. ಅಲ್ಲೇ ಪಕ್ಕದ ಹೋಲ್‌ಸೇಲ್ ಅಂಗಡಿಯವ ಕರೆದು ಒಂದು ದೊಡ್ಡ ಚೀಲ ತೋರಿಸಿದ. ಎಲ್ಲಾ ಮಾಡಲ್ ಕಲಸಿದ ಲಾಟ್, ಪೀಸಿಗೆ 30 ರೂಪಾಯಿ, ಪೂರ್ತಿ ಎತ್ತಬೇಕು, ಬಿಡಿ ಕೊಡಲ್ಲ ಅಂದ. ನೂರಕ್ಕೆ ಹತ್ತು ಪೀಸ್ ಡ್ಯಾಮೇಜ್ ಬರಬಹುದು, ಅದಕ್ಕೇ ರೇಟ್ ಕಡಿಮೆ ಅಂತ ಅವನೇ ಬಾಯಿಬಿಟ್ಟು ಹೇಳಿದ. ಕೆಟ್ಟದ್ದನ್ನ ತಾನಾಗೇ ಹೇಳುವ ಮನುಷ್ಯ ಸುಳ್ಳು ಹೇಳಲಿಕ್ಕಿಲ್ಲ ಅನ್ನಿಸಿತು. ಚೀಲದ ಬಾಯಿ ಬಿಚ್ಚಿ ಮೇಲಿಂದ ಇಪ್ಪತ್ತು ಕವರ್ ತೆಗೆದು ಕೌಂಟರ್ ಮೇಲೆ ಹರಡಿದ. ನೋಡಿದರೆ ಒಂದರ ಮೂಲೆ ಮಾತ್ರ ಹರಿದಿತ್ತು.

ಅಲ್ಲೇ ನಿಂತು ಮನಸ್ಸಲ್ಲಿ ಲೆಕ್ಕ ಹಾಕಿದೆ. 500ರಲ್ಲಿ 50 ಹೋದರೂ 450 ಉಳಿತಾವ. ನಮ್ಮ ಕಡೆ ಕವರಿಗೆ ನೂರು ರೂಪಾಯಿ. 45,000 ಬರ್ತದ, ಮಾಲಿಗೆ 15,000 ಕಳೆದರೆ 30,000 ಲಾಭ. ಕೈಯಲ್ಲಿ ಐದು ಸಾವಿರ ಇತ್ತು. ಪರಿಚಯದವರಿಂದ ಮೂರು ರೂಪಾಯಿ ಬಡ್ಡಿಯ ಮೇಲೆ ಹತ್ತು ಸಾವಿರ ಫೋನ್‌ಪೇ ಹಾಕಿಸಿಕೊಂಡು ಚೀಲ ಎತ್ತಿಸಿದೆ. ಒಂದು ತುಂಡು ಚೀಟಿಯ ಮೇಲೆ '500 ಪೀಸ್, 15000' ಅಂತ ಬರೆದು ಕೊಟ್ಟ. ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ.

ರಾತ್ರಿ ಊಟ ಆದ ಮೇಲೆ ನಾನು, ನನ್ನ ತಮ್ಮ ಚಾಪೆ ಹಾಸಿ ಚೀಲ ಸುರುವಿದೆವು. ಮೇಲಿನ ನೂರು, ನೂರಿಪ್ಪತ್ತು ಕವರ್ ಚೆನ್ನಾಗಿದ್ದವು. ಅದರ ಕೆಳಗೆ ಹೋದ ಹಾಗೆಲ್ಲಾ ಮಾಲು ಬೇರೆಯಾಗುತ್ತಾ ಬಂತು. ಟ್ರಾನ್ಸ್‌ಪರೆಂಟ್ ಕವರ್‌ಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಎಣ್ಣೆ ಬಿದ್ದಂಥ ಕಲೆ ಕಾಣುತ್ತಿದ್ದವು. ಬಿಳಿ ಹಾಳೆ ಮೇಲೆ ಇಟ್ಟರೆ ಮಾತ್ರ ಅವುಗಳ ಹಳದಿ ಬಣ್ಣ ತಿಳಿಯುತ್ತಿತ್ತು, ಟ್ಯೂಬ್‌ಲೈಟ್ ಬೆಳಕಿಗೆ ಎತ್ತಿ ಹಿಡಿದರೆ ತಿಳಿಯುತ್ತಿರಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನವುಗಳಲ್ಲಿ ಚಾರ್ಜಿಂಗ್ ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಅಲ್ಲಿ ದಪ್ಪ ಕಡಿಮೆ ಇರೋದರಿಂದ ಕವರ್ ಮೊದಲು ಒಡೆಯೋದೇ ಆ ಜಾಗದಲ್ಲಿ. ನಿಧಾನಕ್ಕೆ ಬಗ್ಗಿಸಿದರೆ ಬಿರುಕು ಬಾಯಿ ಬಿಡ್ತದ. ಹಂಗೇ ನೋಡಿದರೆ ಕಾಣೋದಿಲ್ಲ.

ಒಳಗೆ ಮಿನುಗುವ ನೀರು ಓಡಾಡುವ ಗ್ಲಿಟರ್ ಕವರ್ ಹತ್ತು ಹನ್ನೆರಡು ಇದ್ದವು, ಅದರಲ್ಲಿ ನಾಲ್ಕು ಸೋರುತ್ತಿದ್ದವು. ತಮ್ಮ ಟೇಪ್ ಹಚ್ಚೋಣ ಅಂದ, ನಾನು ಬೇಡ ಅಂದೆ. 2017ರಲ್ಲಿ ಅಮೆರಿಕದಲ್ಲಿ ಇಂಥವೇ ಐಫೋನ್ ಕವರ್‌ಗಳನ್ನ ಎರಡೂವರೆ ಲಕ್ಷಕ್ಕೂ ಹೆಚ್ಚು ಮಾರ್ಕೆಟ್ಟಿಂದ ವಾಪಸ್ ತರಿಸಿದ್ದರು, ಸೋರಿದ ನೀರು ತಾಗಿ ಜನರ ಚರ್ಮ ಸುಟ್ಟಿತ್ತು. ಕಾಲೇಜು ಹುಡುಗಿಯರು ಕೊಳ್ಳುವ ಕವರ್ ಅವು. ಸೋರುವುದನ್ನ ದಯವಿಟ್ಟು ಯಾರೂ ಅರ್ಧ ರೇಟಿಗೂ ಮಾರಬೇಡ್ರಿ.

ಎಣಿಸಿ ಮುಗಿಸುವಾಗ ಹನ್ನೆರಡು ದಾಟಿತ್ತು. ಪೂರ್ತಿ ಕೆಟ್ಟಿದ್ದು 75. ಗೀರು, ಕಲೆ, ಮಾಸಿದ ಪ್ರಿಂಟ್ ಇರುವಂಥವು, ಅಂದರೆ ಹೇಳಿ ಕಡಿಮೆಗೆ ಮಾರಬಹುದಾದವು 60. ಚೆನ್ನಾಗಿದ್ದವು 365. ನೂರಕ್ಕೆ ಹತ್ತು ಅಂದದ್ದು ಇಪ್ಪತ್ತೇಳು ಆಗಿತ್ತು. ಬೇಜಾರಾಯಿತು, ಆದರೂ 365 ಪೀಸ್ ನೂರರಂತೆ ಹೋದರೆ ಏನೂ ನಷ್ಟ ಇಲ್ಲ ಅಂತ ಸಮಾಧಾನ ಮಾಡಿಕೊಂಡೆ.

ನಿಜವಾದ ಹೊಡೆತ ಆ 365ರ ಒಳಗೇ ಇತ್ತು. ಡ್ಯಾಮೇಜ್ ಹುಡುಕುವ ಗಡಿಬಿಡಿಯಲ್ಲಿ ಮಾಡಲ್ ನೋಡಿರಲಿಲ್ಲ. ಮರುದಿನ ಅಂಗಡಿಯಲ್ಲಿ ಮಾಡಲ್ ಪ್ರಕಾರ ಜೋಡಿಸಲಿಕ್ಕೆ ಕುಳಿತಾಗ ನೋಡಿದರೆ, ಐದಾರು ವರ್ಷದ ಹಿಂದಿನ ಫೋನುಗಳ ಕವರ್ ರಾಶಿ ಇದ್ದವು. ಆ ಫೋನು ಇಟ್ಟುಕೊಂಡವರು ಈಗಲೂ ಇದ್ದಾರೆ, ಆದರೆ ಹಳೇ ಫೋನಿಗೆ ಹೊಸ ಕವರ್ ಹಾಕುವವರು ತಿಂಗಳಿಗೆ ಒಬ್ಬರೋ ಇಬ್ಬರೋ. ಕವರ್ ವ್ಯಾಪಾರ ನಡೆಯೋದು ಫೋನ್ ಹೊಸದಾಗಿದ್ದಾಗ. ಮಾಡಲ್ ಹಳತಾದರೆ ಕವರ್ ಎಷ್ಟೇ ಚೆನ್ನಾಗಿದ್ದರೂ ಗೂಟಕ್ಕೆ ನೇತಾಡಿಕೊಂಡೇ ಇರ್ತದ.

ಇನ್ನೊಂದು ಮೋಸ ಸ್ಟಿಕ್ಕರಿನದು. ಒಬ್ಬ ಆಟೋ ಅಣ್ಣ ರೆಡ್ಮಿ ನೋಟ್ 10 ಪ್ರೊಗೆ ಕವರ್ ಕೇಳಿದರು. ಸ್ಟಿಕ್ಕರ್ ನೋಡಿ ಕೊಟ್ಟೆ. ಗಡಿಬಿಡಿಯಲ್ಲಿದ್ದರು, ಹಾಕಿ ನೋಡದೆ ಜೇಬಿಗೆ ಇಟ್ಟುಕೊಂಡು ಹೋದರು. ಸಂಜೆ ಬಂದು, "ಏನ್ರೀ ಅಣ್ಣಾರ, ಇದು ಕೂಡವಲ್ದು, ಮೂಲಿ ಹಿಡಿಸೋದೇ ಇಲ್ಲ ನೋಡ್ರಿ" ಅಂತ ಫೋನು, ಕವರ್ ಎರಡನ್ನೂ ಕೌಂಟರ್ ಮೇಲೆ ಇಟ್ಟರು. ಪ್ರೊ ಫೋನು ಸಾದಾ ನೋಟ್ 10ಕ್ಕಿಂತ ಮೂರು ಮಿಲಿಮೀಟರ್‌ಗೂ ಹೆಚ್ಚು ಉದ್ದ, ಸಾದಾದರ ಕವರ್ ಅದಕ್ಕೆ ಕೂರೋದಿಲ್ಲ. ಸ್ಟಿಕ್ಕರಿನ ಅಂಚನ್ನ ಉಗುರಿಂದ ಎತ್ತಿದೆ. ಕೆಳಗೆ ಇನ್ನೊಂದು ಸ್ಟಿಕ್ಕರ್, ಅದರ ಮೇಲೆ ಸಾದಾ ನೋಟ್ 10ರ ಹೆಸರು. ಓಡದ ಮಾಲಿಗೆ ಓಡುವ ಮಾಡಲಿನ ಹೆಸರು ಅಂಟಿಸಿದ್ದರು. ಅವರ ಮುಂದೆ ನನಗೆ ಬಹಳ ನಾಚಿಕೆಯಾಯಿತು. ಒಳ್ಳೇ ಕವರ್ ಒಂದನ್ನ ಹುಡುಕಿ ಹಾಕಿಕೊಟ್ಟೆ. ಹೀಗೆ ಕೂಡದ್ದು, ವಾರದಲ್ಲಿ ಹರಿದದ್ದು ಅಂತ ಒಟ್ಟು 14 ಕವರ್ ಬದಲಾಯಿಸಿ ಕೊಡಬೇಕಾಯಿತು.

ಏಪ್ರಿಲ್, ಮೇ ತಿಂಗಳು ನಮ್ಮ ರಾಯಚೂರಿನ ಬಿಸಿಲು ಹೇಳಬೇಕಾಗಿಲ್ಲ. ಪತ್ರಾಸಿನ ಕೆಳಗೆ ಪೇರಿಸಿಟ್ಟ ಮೆತ್ತನೆ ಟ್ರಾನ್ಸ್‌ಪರೆಂಟ್ ಕವರ್ ಬಿಸಿಗೆ, ಬೆಳಕಿಗೆ ಇನ್ನೂ ಹಳದಿಯಾದವು. ನೂರು ಅಂತ ಹೇಳಿದ್ದನ್ನ ಚೌಕಾಸಿಯಲ್ಲಿ ಎಂಬತ್ತಕ್ಕೆ ಇಳಿಸಿದೆ.

ನಾಲ್ಕು ತಿಂಗಳ ಕೊನೆಗೆ ನೋಟ್‌ಬುಕ್ಕಿನ ಲೆಕ್ಕ ಹೀಗಿತ್ತು. ಚೆನ್ನಾಗಿದ್ದ 365ರಲ್ಲಿ ಮಾರಿದ್ದು 245, ಸರಾಸರಿ ಎಂಬತ್ತರಂತೆ 19,600 ರೂಪಾಯಿ. ಗೀರು ಬಿದ್ದ 60ರಲ್ಲಿ 45ನ್ನ ಮೂವತ್ತರಂತೆ ಮಾರಿ 1,350. ಬದಲಿಗೆ ಕೊಟ್ಟ 14 ಬಿಟ್ಟು ಉಳಿದ 106 ಹಳೇ ಮಾಡಲ್‌ಗಳನ್ನ ಸಂತೆಗೆ ಹೋಗುವ ಒಬ್ಬರಿಗೆ ಹದಿನೈದರಂತೆ ಕೊಟ್ಟು 1,590. ಒಟ್ಟು ಕೈಗೆ ಬಂದದ್ದು 22,540. ಇದರಲ್ಲಿ ಮಾಲಿನ 15,000, ಬಸ್ ಚಾರ್ಜು ಮತ್ತು ಪಾರ್ಸಲ್ ಸೇರಿ 1,000, ನಾಲ್ಕು ತಿಂಗಳ ಬಡ್ಡಿ 1,200 ಕಳೆದರೆ ಉಳಿದದ್ದು 5,340 ರೂಪಾಯಿ. 30,000 ಅಂತ ಎಣಿಸಿದ್ದ ಲಾಭ ಇಷ್ಟಕ್ಕೆ ಬಂದು ನಿಂತಿತು. ಅಂಗಡಿ ಬಾಡಿಗೆ ಇದರಲ್ಲಿ ಹಿಡಿದಿಲ್ಲ.

ಲಾಭ ಬಂತಲ್ಲ ಅಂತ ನಮ್ಮ ಮನೆಯಲ್ಲೂ ಅಂದರು. ಆದರೆ ಇನ್ನೊಂದು ಭಾಗಾಕಾರ ಮಾಡಿ ನೋಡ್ರಿ. ಮಾಲಿನ 15,000ದಲ್ಲಿ ಗೀರು ಬಿದ್ದವು, ಹಳೇ ಮಾಡಲ್ ಮಾರಿ ಬಂದ 2,940 ಕಳೆದರೆ 12,060. ಇದನ್ನ ಸರಿಯಾದ ರೇಟಿಗೆ ಮಾರಿದ 245ರಿಂದ ಭಾಗಿಸಿದರೆ ಒಂದು ಕವರಿಗೆ 49 ರೂಪಾಯಿ ಬಿದ್ದಂತಾಯಿತು. ಪಕ್ಕದ ಅಂಗಡಿಯಲ್ಲಿ ಮಾಡಲ್ ಆರಿಸಿ, ಕೈಯಿಂದ ಮುಟ್ಟಿ ನೋಡಿ ತರಬಹುದಾಗಿದ್ದ ಕವರ್ 42. ಮೂವತ್ತರ ಕವರ್ ಅಂತ ತಂದದ್ದು ನಲವತ್ತೆರಡರ ಕವರಿಗಿಂತ ತುಟ್ಟಿಯಾಗಿತ್ತು.

ಹಾಗಾಗಿ ಲಾಟ್ ಮುಂದೆ ನಿಂತಾಗ ನಾನು ಈಗ ಒಂದೇ ಒಂದು ಲೆಕ್ಕ ಹಾಕುತ್ತೇನೆ. ಲಾಟಿನ ರೇಟನ್ನ ಆರಿಸಿದ ಮಾಲಿನ ರೇಟಿನಿಂದ ಭಾಗಿಸೋದು. 30ನ್ನ 42ರಿಂದ ಭಾಗಿಸಿದರೆ ನೂರಕ್ಕೆ 71 ಬರ್ತದ. ನೂರರಲ್ಲಿ ಕನಿಷ್ಠ 71 ಕವರ್ ಚೆನ್ನಾಗಿಯೂ ಇರಬೇಕು, ಓಡುವ ಮಾಡಲಿನವೂ ಆಗಿರಬೇಕು. ಉಳಿದವನ್ನ ಕಡಿಮೆಗೆ ಮಾರಿ ಬರೋದನ್ನ ಲೆಕ್ಕಕ್ಕೆ ಹಿಡಿಯದಿದ್ದರೆ, ಅದಕ್ಕಿಂತ ಕಡಿಮೆ ಇರುವ ಲಾಟ್ ಅಗ್ಗ ಅಲ್ಲ. ನನ್ನ ಚೀಲದಲ್ಲಿ ಚೆನ್ನಾಗಿದ್ದವು ನೂರಕ್ಕೆ 73 ಇದ್ದವು, ಅಂದರೆ ಡ್ಯಾಮೇಜ್ ಒಂದರಿಂದಲೇ ಕೆಟ್ಟಿರಲಿಲ್ಲ. ಸರಿಯಾದ ರೇಟಿಗೆ ಓಡಿದ್ದು ನೂರಕ್ಕೆ 49 ಮಾತ್ರ. ಮಾರುವವರು ಡ್ಯಾಮೇಜ್ ಬಗ್ಗೆ ಮಾತಾಡುತ್ತಾರೆ, ಮಾಡಲ್ ಬಗ್ಗೆ ಬಾಯಿ ಬಿಡೋದಿಲ್ಲ. ಕೇಳಬೇಕಾದವರು ನಾವು.

ದೂರು ಕೊಡಬಹುದಿತ್ತಲ್ಲ ಅಂತ ಕೆಲವರು ಕೇಳಿದರು. ಗ್ರಾಹಕರ ಆಯೋಗಕ್ಕೆ ಹೋಗಲಿಕ್ಕೆ ಬರೋದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರುಮಾರಾಟಕ್ಕೆ ಮಾಲು ತಂದವನು ಗ್ರಾಹಕನೇ ಅಲ್ಲ. 1930ರ ಸರಕು ಮಾರಾಟ ಕಾಯ್ದೆಯಲ್ಲಿ, ಸ್ಯಾಂಪಲ್ ತೋರಿಸಿ ಮಾರಿದರೆ ಪೂರ್ತಿ ಮಾಲು ಸ್ಯಾಂಪಲ್ಲಿಗೆ ಹೊಂದಬೇಕು ಅಂತ ಇದೆ. ಆದರೆ ಹೆಸರಿಲ್ಲದ ಚೀಟಿ ಹಿಡಿದುಕೊಂಡು ಸಿವಿಲ್ ಕೋರ್ಟಿನಲ್ಲಿ ಏನಂತ ಕೇಳಲಿ? ಫೋನ್ ಮಾಡಿದರೆ, ಡ್ಯಾಮೇಜ್ ಇರ್ತದ ಅಂತ ಮೊದಲೇ ಹೇಳಿದ್ದೆನಲ್ಲ ಅಂದ. ಪಕ್ಕಾ ಬಿಲ್ಲಿನಲ್ಲಿ 'ಡ್ಯಾಮೇಜ್ ಶೇ. 10 ದಾಟಿದರೆ ವಾಪಸ್' ಅಂತ ಒಂದು ಸಾಲು ಬರೆಸಿದ್ದರೆ ಆ ಮಾತು ಆಡಲಿಕ್ಕೆ ಆಗುತ್ತಿರಲಿಲ್ಲ.

ಹೋದ ವಾರ ಮತ್ತೆ ಹೈದರಾಬಾದಿಗೆ ಹೋಗಿದ್ದೆ. ಬೇರೆ ಅಂಗಡಿಯಲ್ಲಿ ಅದೇ ಮೂವತ್ತರ ಲಾಟ್ ತೋರಿಸಿದರು. ಈ ಸಲ ಮೇಲಿನವನ್ನ ಮುಟ್ಟಲಿಲ್ಲ. ಚೀಲ ಅಡ್ಡ ಕೆಡವಿಸಿ ತಳದಿಂದ, ನಡುವಿನಿಂದ, ಬದಿಯಿಂದ ಕೈ ಹಾಕಿ 50 ತೆಗೆದೆ. ಒಂದೊಂದನ್ನೂ ಬಿಳಿ ಹಾಳೆ ಮೇಲೆ ಇಟ್ಟು ನೋಡಿದೆ, ಚಾರ್ಜಿಂಗ್ ತೂತಿನ ಹತ್ತಿರ ಬಗ್ಗಿಸಿದೆ, ಸ್ಟಿಕ್ಕರ್ ದಪ್ಪ ಅನ್ನಿಸಿದ ಕಡೆ ಎತ್ತಿದೆ. ನಮ್ಮ ಅಂಗಡಿಗೆ ಕಳೆದ ತಿಂಗಳು ಯಾವ ಯಾವ ಫೋನಿನವರು ಬಂದಿದ್ದರು ಅಂತ ಬರೆದಿಟ್ಟುಕೊಂಡ ಚೀಟಿಗೆ ಮಾಡಲ್ ತಾಳೆ ಹಾಕಿದೆ. ಐವತ್ತರಲ್ಲಿ 36 ಬೇಕಿತ್ತು, ಸಿಕ್ಕಿದ್ದು 31. ಅಂಗಡಿಯವರು ಇಪ್ಪತ್ತೆಂಟಕ್ಕೆ ಇಳಿಸಿದರು. ಆ ರೇಟಿಗೂ 34 ಬೇಕು. ಚೀಲ ಅಲ್ಲೇ ಬಿಟ್ಟು, ನಲವತ್ತೆರಡರಂತೆ ಆರಿಸಿದ 60 ಕವರ್ ಪಕ್ಕಾ ಬಿಲ್ಲಿನ ಮೇಲೆ ತಂದಿದ್ದೇನೆ.