ಮುಂದೆ ಕಡಲೆಕಾಯಿ ಚಿತ್ರ, ಒಳಗೆ ಪಾಮೋಲಿನ್: ಎಣ್ಣೆ ಕ್ಯಾನ್ ಕೊಳ್ಳುವ ಮುಂಚೆ ಹಿಂಬದಿ ನೋಡಿ

ಬೆಂಗಳೂರಿನ ಒಂದು ಮನೆಯಲ್ಲಿ ಆದದ್ದು ಇದು. ಹೃದ್ರೋಗಿಯೊಬ್ಬರಿಗೆ ಡಾಕ್ಟರು ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ ಎಂದಿದ್ದರು. ಮನೆಯವರು ಕಡಲೆಕಾಯಿ ಎಣ್ಣೆ ಅಂದುಕೊಂಡು ಐದು ಲೀಟರಿನ ಕ್ಯಾನ್ ತಂದರು. ಮುಂದೆ ಸುಲಿದ ಕಡಲೆಕಾಯಿಯ ದೊಡ್ಡ ಚಿತ್ರ, ಪಕ್ಕದಲ್ಲಿ ‘ಟ್ರಾನ್ಸ್ ಫ್ಯಾಟ್ ಇಲ್ಲ’, ‘ಕೊಲೆಸ್ಟ್ರಾಲ್ ಇಲ್ಲ’. ಕ್ಯಾನ್ ಅರ್ಧ ಖಾಲಿಯಾದ ಮೇಲೆ, ಡಿಸೆಂಬರಿನ ಒಂದು ಬೆಳಿಗ್ಗೆ ತಳದಲ್ಲಿ ಬೆಳ್ಳಗೆ ಗಟ್ಟಿಯಾದದ್ದು ಕಂಡಾಗಲೇ ಹಿಂಬದಿ ಓದಿದ್ದು. ಸಣ್ಣ ಅಕ್ಷರದಲ್ಲಿ ಹೀಗಿತ್ತು: ಬ್ಲೆಂಡೆಡ್ ಎಡಿಬಲ್ ವೆಜಿಟೆಬಲ್ ಆಯಿಲ್, ರಿಫೈನ್ಡ್ ಪಾಮೋಲಿನ್ 80%, ಕಡಲೆಕಾಯಿ ಎಣ್ಣೆ 20%. ಪಾಮೋಲಿನ್ ಅಂದರೆ ತಾಳೆ ಎಣ್ಣೆಯಿಂದ ಬೇರ್ಪಡಿಸಿದ ದ್ರವ ಭಾಗ.

ಮುಂದೆ ಬರೆದಿದ್ದ ಎರಡೂ ಮಾತು ಸುಳ್ಳಲ್ಲ, ಮೋಸ ಹೋಗುವುದೇ ಅಲ್ಲಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಕೊಬ್ಬಿನಲ್ಲಿ. ಸಸ್ಯದ ಎಣ್ಣೆಯಲ್ಲಿ ಅದು ಹೆಸರಿಗಷ್ಟೇ. ಟ್ರಾನ್ಸ್ ಕೊಬ್ಬು ಮುಖ್ಯವಾಗಿ ಹುಟ್ಟುವುದು ದ್ರವ ಎಣ್ಣೆಗೆ ಅರೆಬರೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ. ತಾಳೆ ಎಣ್ಣೆ ತಾನಾಗಿಯೇ ಅರೆಗಟ್ಟಿ, ಅದಕ್ಕೆ ಆ ಕೆಲಸ ಬೇಕಿಲ್ಲ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ 2% ಮೀರುವಂತಿಲ್ಲ. ಹಾಗಾಗಿ ಆ ಅಂಕಿ ಬಹುತೇಕ ಎಲ್ಲ ಪ್ಯಾಕೆಟ್ಟಿನಲ್ಲೂ ಸೊನ್ನೆಯ ಹತ್ತಿರವೇ ಇರುತ್ತದೆ. ವನಸ್ಪತಿ ಡಬ್ಬಿಯಲ್ಲಿ ಕೂಡ ಟ್ರಾನ್ಸ್ 2ಕ್ಕಿಂತ ಕಡಿಮೆ ಇದ್ದು, ಸ್ಯಾಚುರೇಟೆಡ್ 50ರ ಆಸುಪಾಸು ಇರಬಹುದು. ಟ್ರಾನ್ಸ್ ಅಂಕಿ ನೋಡಿ ಸಮಾಧಾನಪಟ್ಟರೆ ಎಣ್ಣೆ ಯಾವುದೆಂದು ಗೊತ್ತಾಗುವುದೇ ಇಲ್ಲ.

ಗುರುತು ಹೇಳುವುದು ಸ್ಯಾಚುರೇಟೆಡ್ ಅಂಕಿ. 100 ಗ್ರಾಂ ಎಣ್ಣೆಯಲ್ಲಿ ಸೂರ್ಯಕಾಂತಿಗೆ ಅದು ಸುಮಾರು 11 ಗ್ರಾಂ, ಕಡಲೆಕಾಯಿಗೆ 18ರ ಹತ್ತಿರ, ಪಾಮೋಲಿನ್‌ಗೆ 43ರ ಹತ್ತಿರ. ತೆಂಗಿನೆಣ್ಣೆಗೆ 90; ಅದು ಅದರ ಸ್ವಭಾವ, ಕಲಬೆರಕೆಯಲ್ಲ. ಈಗ ಆ ಕ್ಯಾನಿನ ಲೆಕ್ಕ ಹಾಕಿ. 43ರ 80% ಅಂದರೆ 34.4, 18ರ 20% ಅಂದರೆ 3.6, ಒಟ್ಟು 38. ಹಿಂಬದಿಯ ಪಟ್ಟಿಯಲ್ಲೂ ಸ್ಯಾಚುರೇಟೆಡ್ 38 ಎಂದೇ ಇತ್ತು. ಚಿತ್ರವನ್ನು ಕೈಯಲ್ಲಿ ಮುಚ್ಚಿ ಆ ಒಂದು ಸಾಲು ಓದಿದ್ದರೆ ಇದು ಕಡಲೆಕಾಯಿ ಎಣ್ಣೆಯಲ್ಲ ಎಂದು ಅಂಗಡಿಯಲ್ಲೇ ತಿಳಿಯುತ್ತಿತ್ತು. ಒಬ್ಬರು ದಿನಕ್ಕೆ 25 ಗ್ರಾಂ ಎಣ್ಣೆ ತಿಂದರೆ ಈ ಮಿಶ್ರಣದಿಂದ 9.5 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಸೇರುತ್ತದೆ. ಕಡಲೆಕಾಯಿ ಎಣ್ಣೆಯಾಗಿದ್ದರೆ 4.5. ಲೇಬಲ್‌ಗಳು ಆಧಾರವಾಗಿ ಹಿಡಿಯುವ ದಿನದ ಮಿತಿ 22 ಗ್ರಾಂ. ಹಾಲು, ಮೊಸರು, ತೆಂಗಿನಕಾಯಿಯ ಪಾಲೂ ಅದರೊಳಗೇ ಬರಬೇಕು.

ಅಂಕಿ ಓದುವ ಮುಂಚೆ ಪಟ್ಟಿಯ ತಲೆಬರಹ ನೋಡಿ. 100 ಗ್ರಾಂಗೆ ಕೊಟ್ಟಿದ್ದರೆ ಒಟ್ಟು ಕೊಬ್ಬು 100 ಇರುತ್ತದೆ. 100 ಮಿಲಿಲೀಟರಿಗೆ ಕೊಟ್ಟಿದ್ದರೆ 91ರಷ್ಟು, ಯಾಕೆಂದರೆ ಎಣ್ಣೆ ನೀರಿಗಿಂತ ಹಗುರ. ಆಗ ಇದೇ 38 ಅನ್ನುವುದು 34.6 ಆಗಿ ಕಾಣುತ್ತದೆ. ಹೋಲಿಸಬೇಕಾದರೆ 0.91ರಿಂದ ಭಾಗಿಸಿ. ಬರೀ 10 ಗ್ರಾಂ ಸರ್ವಿಂಗಿಗೆ ಕೊಟ್ಟಿದ್ದರೆ 3.8 ಎಂಬ ಪುಟ್ಟ ಅಂಕಿ ಕಾಣುತ್ತದೆ, ಹತ್ತರಿಂದ ಗುಣಿಸಲೇಬೇಕು. ಸ್ಯಾಚುರೇಟೆಡ್, ಮೋನೋ ಅನ್‌ಸ್ಯಾಚುರೇಟೆಡ್, ಪಾಲಿ ಅನ್‌ಸ್ಯಾಚುರೇಟೆಡ್, ಟ್ರಾನ್ಸ್ ನಾಲ್ಕನ್ನೂ ಕೂಡಿ; ಒಟ್ಟು ಕೊಬ್ಬಿಗೆ ಹೆಚ್ಚುಕಡಿಮೆ ಹೊಂದಬೇಕು. ಈ ಕ್ಯಾನಿನಲ್ಲಿ 38, 45, 17, ಸೊನ್ನೆ. ಲೆಕ್ಕ ಸರಿ.

ಈ ವಿಧಾನಕ್ಕೂ ಮಿತಿಯಿದೆ. ಅಕ್ಕಿ ತೌಡಿನ ಎಣ್ಣೆಯ ಸ್ಯಾಚುರೇಟೆಡ್ ಸುಮಾರು 22, ಉಳಿದ ಅಂಕಿಗಳೂ ಕಡಲೆಕಾಯಿಗೆ ಹತ್ತಿರ. ಇವೆರಡನ್ನು ಅಂಕಿಯಿಂದ ಬೇರ್ಪಡಿಸಲಾಗದು, ಪದಾರ್ಥಗಳ ಸಾಲಿನಲ್ಲಿ ಹೆಸರು ಓದಬೇಕು. ಫ್ರಿಜ್ಜಿನಲ್ಲಿಟ್ಟು ಪರೀಕ್ಷಿಸುವುದನ್ನು ನಂಬಬೇಡಿ: ಶುದ್ಧ ಕಡಲೆಕಾಯಿ ಎಣ್ಣೆಯೂ ಅಲ್ಲಿ ಮಬ್ಬಾಗಿ ಹೆಪ್ಪುಗಟ್ಟುತ್ತದೆ.

ದೂರು ಕೊಡುವುದಿದ್ದರೆ ಒಂದು ವ್ಯತ್ಯಾಸ ತಿಳಿದಿರಲಿ. ಎರಡು ಖಾದ್ಯ ಎಣ್ಣೆಗಳನ್ನು, ಪ್ರತಿಯೊಂದೂ ಕನಿಷ್ಠ 20% ಇರುವಂತೆ ಬೆರೆಸಿ, ಹೆಸರು ಮತ್ತು ಪ್ರಮಾಣ ಮುದ್ರಿಸಿ ಮಾರಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ‘ಪಾಮೋಲಿನ್ ಬೆರೆಸಿದ್ದಾರೆ’ ಎಂಬ ದೂರು ಈ ಕ್ಯಾನಿನ ವಿಷಯದಲ್ಲಿ ನಿಲ್ಲುವುದಿಲ್ಲ. ದಾರಿ ತಪ್ಪಿಸುವ ಚಿತ್ರದ ಬಗ್ಗೆ ಕೇಳಬಹುದು. ಆದರೆ ಪ್ಯಾಕೆಟ್ ಮೇಲೆ ಬರೀ ಕಡಲೆಕಾಯಿ ಎಣ್ಣೆ ಎಂದಿದ್ದು, ಪಟ್ಟಿಯಲ್ಲಿ ಸ್ಯಾಚುರೇಟೆಡ್ 38 ಇದ್ದರೆ ಸಂಗತಿಯೇ ಬೇರೆ. ಎರಡೂ ಬದಿಯ ಫೋಟೋ, ಬ್ಯಾಚ್ ನಂಬರು, 14 ಅಂಕಿಯ FSSAI ಲೈಸೆನ್ಸ್ ನಂಬರು, ಬಿಲ್ಲು ಇಟ್ಟುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಿ. ಉಳಿದ ಎಣ್ಣೆಯನ್ನು ಅದೇ ಕ್ಯಾನಿನಲ್ಲಿ ಬಿಡಿ, ಬೇರೆ ಡಬ್ಬಿಗೆ ಸುರಿಯಬೇಡಿ.