ಷೇರು ನಾನೆಣಿಸಿದಷ್ಟೇ ಇಳಿಯಿತು, ಆದರೂ 28,000 ರೂಪಾಯಿ ಹೋಯಿತು

ಯಾವುದಾದರೂ ಕಂಪನಿಯ ಷೇರು ಸ್ವಲ್ಪ ಮಟ್ಟಿಗೆ ಇಳಿಯಬಹುದು ಎಂಬ ಅಂದಾಜಿನ ಮೇಲೆ ಬೇರ್ ಪುಟ್ ಸ್ಪ್ರೆಡ್ ಮಾಡಿ, ಅದನ್ನು ಎಕ್ಸ್‌ಪೈರಿಯ ಸಂಜೆಯವರೆಗೂ ಇಟ್ಟುಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ನನ್ನ ಅಂದಾಜು ತಪ್ಪಿರಲಿಲ್ಲ. ಅದು ಸರಿಯಾದದ್ದರಿಂದಲೇ ನಾನು ಸಿಕ್ಕಿಬಿದ್ದೆ.

2025ರ ಅಕ್ಟೋಬರ್ ಕೊನೆಯಲ್ಲಿ ನಾನು ಗಮನಿಸುತ್ತಿದ್ದ ಷೇರಿನ ಬೆಲೆ 1,000 ರೂಪಾಯಿ ಇತ್ತು. ಒಂದು ತಿಂಗಳಲ್ಲಿ ಅದು 960–970ರ ಆಸುಪಾಸಿಗೆ ಬರಬಹುದು, ಅದಕ್ಕಿಂತ ಕೆಳಗೆ ಹೋಗುವ ಕಾರಣ ಕಾಣುವುದಿಲ್ಲ ಎಂಬುದು ನನ್ನ ಎಣಿಕೆಯಾಗಿತ್ತು. ನವೆಂಬರ್ ಎಕ್ಸ್‌ಪೈರಿಯ 1000ರ ಪುಟ್ ಅನ್ನು 24 ರೂಪಾಯಿಗೆ ಕೊಂಡು, 960ರ ಪುಟ್ ಅನ್ನು 10 ರೂಪಾಯಿಗೆ ಮಾರಿದೆ. ಷೇರೊಂದಕ್ಕೆ ಕೈಯಿಂದ ಹೋದದ್ದು 14 ರೂಪಾಯಿ. ಲಾಟ್ 700 ಷೇರುಗಳದ್ದಾದ್ದರಿಂದ ಒಟ್ಟು 9,800 ರೂಪಾಯಿ. ಷೇರು 960 ಅಥವಾ ಅದಕ್ಕಿಂತ ಕೆಳಗೆ ನಿಂತರೆ 18,200 ರೂಪಾಯಿ ಲಾಭ, 1000ಕ್ಕಿಂತ ಮೇಲೆ ನಿಂತರೆ ಆ 9,800 ನಷ್ಟ, 986ರಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ. ‘ಗರಿಷ್ಠ ನಷ್ಟ 9,800’ ಎಂದು ಆ್ಯಪ್ ಕೂಡ ತೋರಿಸುತ್ತಿತ್ತು, ನಾನೂ ಅದನ್ನು ನಂಬಿದ್ದೆ.

ಇದೇ ಅಂದಾಜಿಗೆ ನನ್ನ ಸ್ನೇಹಿತರೊಬ್ಬರು ಬೇರ್ ಕಾಲ್ ಸ್ಪ್ರೆಡ್ ಮಾಡಿದ್ದರು: 1020ರ ಕಾಲ್ ಅನ್ನು 19.50ಕ್ಕೆ ಮಾರಿ, 1060ರ ಕಾಲ್ ಅನ್ನು 7.50ಕ್ಕೆ ಕೊಂಡಿದ್ದರು. ಅವರಿಗೆ ಷೇರೊಂದಕ್ಕೆ 12 ರೂಪಾಯಿಯಂತೆ 8,400 ರೂಪಾಯಿ ಮೊದಲೇ ಖಾತೆಗೆ ಬಂತು. ಆದರೆ ಲೆಕ್ಕ ತಪ್ಪಿದರೆ ಹೋಗುವುದು 19,600, ಜೊತೆಗೆ ಮಾರ್ಜಿನ್ ಬೇರೆ ಕಟ್ಟಬೇಕು. ಎಂಟು ಸಾವಿರಕ್ಕಾಗಿ ಹತ್ತೊಂಬತ್ತು ಸಾವಿರವನ್ನು ಪಣಕ್ಕಿಡುವುದು ನನಗೆ ಜಾಣತನವಾಗಿ ಕಾಣಲಿಲ್ಲ, ಹಾಗೆಂದು ಅವರಿಗೆ ಹೇಳಿಯೂ ಇದ್ದೆ.

ನವೆಂಬರ್ 25, ಮಂಗಳವಾರ, ಎಕ್ಸ್‌ಪೈರಿಯ ದಿನ. ಮಧ್ಯಾಹ್ನ ಪೌಣೆ ಮೂರಕ್ಕೆ ಷೇರು 972ರಲ್ಲಿತ್ತು. ನನ್ನ 1000ರ ಪುಟ್‌ನ ನಿಜವಾದ ಬೆಲೆ 28 ರೂಪಾಯಿ. ಆದರೆ ಪರದೆಯ ಮೇಲೆ ಕೊಳ್ಳುವವರು ಕೇಳುತ್ತಿದ್ದದ್ದು 25.50, ಮಾರುವವರು ಹೇಳುತ್ತಿದ್ದದ್ದು 29.80. ಕೊನೆಯ ದಿನ ಹಣದೊಳಗಿರುವ, ಅಂದರೆ ಇನ್-ದ-ಮನಿ ಆಗಿ ಬೆಲೆ ಉಳಿಸಿಕೊಂಡಿರುವ, ಸ್ಟಾಕ್ ಆಪ್ಷನ್‌ಗಳನ್ನು ಕೇಳುವವರು ಕಡಿಮೆ, ಇದ್ದವರೂ ಅಗ್ಗಕ್ಕೆ ಕೇಳುತ್ತಾರೆ. ಎರಡೂವರೆ ರೂಪಾಯಿ ಬಿಟ್ಟುಕೊಟ್ಟರೆ 1,750 ರೂಪಾಯಿ ಹೋಗುತ್ತದಲ್ಲ ಎಂದು ನಾನು 28ಕ್ಕೆ ಲಿಮಿಟ್ ಆರ್ಡರ್ ಹಾಕಿ ಕಾದೆ. ಮೂರೂವರೆಗೆ ಆ ಆರ್ಡರ್ ತಾನಾಗಿಯೇ ರದ್ದಾಯಿತು. ಚಿಂತೆಯೇನೂ ಆಗಲಿಲ್ಲ. ನಿಫ್ಟಿಯಲ್ಲಿ ಆಗುವಂತೆ ವ್ಯತ್ಯಾಸದ ಹಣ ಖಾತೆಗೆ ಬರುತ್ತದೆ ಎಂದುಕೊಂಡಿದ್ದೆ.

ನಿಫ್ಟಿಯಂಥ ಸೂಚ್ಯಂಕದ ಆಪ್ಷನ್‌ಗಳು ಮಾತ್ರ ಹಣದಲ್ಲಿ ಇತ್ಯರ್ಥವಾಗುತ್ತವೆ. ಕಂಪನಿ ಷೇರುಗಳ ಆಪ್ಷನ್‌ಗಳೆಲ್ಲವೂ 2019ರ ಅಕ್ಟೋಬರ್‌ನಿಂದ ಷೇರುಗಳ ಕೊಡುಕೊಳ್ಳುವಿಕೆಯಲ್ಲಿಯೇ ಇತ್ಯರ್ಥವಾಗುತ್ತಿವೆ. ಹಣದೊಳಗೆ ಮುಗಿದ ಪುಟ್ ಅನ್ನು ಕೊಂಡವನು ಸ್ಟ್ರೈಕ್ ಬೆಲೆಗೆ ಷೇರುಗಳನ್ನು ಒಪ್ಪಿಸಲೇಬೇಕು. ಷೇರು 972ರಲ್ಲಿ ನಿಂತಾಗ ನಾನು ಮಾರಿದ್ದ 960ರ ಪುಟ್ ಬೆಲೆಯಿಲ್ಲದೆ ಸತ್ತುಹೋಯಿತು. ಉಳಿದದ್ದು 1000ರ ಪುಟ್ ಒಂದೇ, ಅಂದರೆ 700 ಷೇರುಗಳನ್ನು ತಲಾ 1,000 ರೂಪಾಯಿಗೆ ಕೊಡುವ ಹೊಣೆ. ನನ್ನ ಡಿಮ್ಯಾಟ್ ಖಾತೆಯಲ್ಲಿ ಆ ಕಂಪನಿಯ ಒಂದು ಷೇರೂ ಇರಲಿಲ್ಲ.

ಕೊಡಬೇಕಾದ ಷೇರು ಇಲ್ಲದಿದ್ದರೆ ವಿನಿಮಯ ಕೇಂದ್ರವು ಅವನ್ನು ಹರಾಜಿನಲ್ಲಿ ಕೊಂಡು, ತಗಲಿದ ಬೆಲೆಯನ್ನು ತಪ್ಪಿದವನ ಮೇಲೆ ಹಾಕುತ್ತದೆ. ಅಷ್ಟರಲ್ಲಿ ಕಂಪನಿಗೆ ದೊಡ್ಡ ಆರ್ಡರ್ ಸಿಕ್ಕ ಸುದ್ದಿ ಬಂದು ಷೇರು ಮತ್ತೆ ಸಾವಿರ ದಾಟಿತ್ತು. ಹರಾಜಿನ ಬೆಲೆ 1,026. ಪುಟ್‌ನಿಂದ ನನಗೆ ಬರಬೇಕಾದದ್ದು 7,00,000, ಹರಾಜಿಗೆ ತೆತ್ತದ್ದು 7,18,200. ಆ 18,200ಕ್ಕೆ ಮೊದಲು ಕೊಟ್ಟಿದ್ದ 9,800 ಸೇರಿ 28,000 ರೂಪಾಯಿ ಹೋಯಿತು, ಶುಲ್ಕಗಳು ಬೇರೆ. ಪೌಣೆ ಮೂರಕ್ಕೆ 25.50ಕ್ಕೆ ಮಾರಿದ್ದರೆ 8,050 ಲಾಭದಲ್ಲಿ ಎದ್ದು ಬರುತ್ತಿದ್ದೆ.

ಬ್ರೋಕರ್ ಎಚ್ಚರಿಸಲಿಲ್ಲವೇ ಎಂದು ಕೇಳಬಹುದು. ಹಣದೊಳಗಿರುವ ಆಪ್ಷನ್ ಕೊಂಡವರಿಗೆ ಎಕ್ಸ್‌ಪೈರಿಗೆ ನಾಲ್ಕು ದಿನ ಮೊದಲಿನಿಂದ ದಿನದಿನಕ್ಕೆ ಏರುವ ಡೆಲಿವರಿ ಮಾರ್ಜಿನ್ ಬೀಳುತ್ತದೆ, ಅದರ ಸಂದೇಶಗಳು ನನಗೂ ಬಂದಿದ್ದವು. ಖಾತೆಯಲ್ಲಿ ಬೇರೆ ಉದ್ದೇಶಕ್ಕೆಂದು ಇಟ್ಟಿದ್ದ ನಾಲ್ಕು ಲಕ್ಷ ರೂಪಾಯಿ ಇದ್ದುದರಿಂದ ಮಾರ್ಜಿನ್ ಕೊರತೆಯಾಗಲಿಲ್ಲ. ಕೊರತೆಯಾಗಿದ್ದರೆ ಬ್ರೋಕರ್ ತಾನೇ ಆ ವ್ಯವಹಾರವನ್ನು ಮುಚ್ಚುತ್ತಿದ್ದರೋ ಏನೋ. ಸಂದೇಶ ಓದದ ತಪ್ಪು ನನ್ನದೇ.

ಸ್ನೇಹಿತರ ಎರಡೂ ಕಾಲ್‌ಗಳು ಅಂದು ಬೆಲೆಯಿಲ್ಲದೆ ಮುಗಿದವು. ಏನೂ ಮಾಡದೆಯೇ 8,400 ರೂಪಾಯಿ ಅವರಲ್ಲಿ ಉಳಿಯಿತು, ಷೇರು ಕೊಡುವ ಮಾತೇ ಬರಲಿಲ್ಲ. ಹಾಗಾದರೆ ಕಾಲ್ ಸ್ಪ್ರೆಡ್ಡೇ ಸುರಕ್ಷಿತ ಎಂದುಕೊಳ್ಳಬೇಡಿ. ಅವರು ನನ್ನ ಸ್ಟ್ರೈಕ್‌ಗಳಲ್ಲೇ, ಅಂದರೆ 960ರ ಕಾಲ್ ಮಾರಿ 1000ರ ಕಾಲ್ ಕೊಂಡಿದ್ದರೆ, ಸುಮಾರು 26 ರೂಪಾಯಿ ಬಂದು, ಗರಿಷ್ಠ ಲಾಭವೂ ಗರಿಷ್ಠ ನಷ್ಟವೂ ಹೆಚ್ಚುಕಡಿಮೆ ನನ್ನದರಂತೆಯೇ ಇರುತ್ತಿತ್ತು. 972ರಲ್ಲಿ ಅವರ 960ರ ಕಾಲ್ ಹಣದೊಳಗೆ ಮುಗಿದು, 700 ಷೇರು ಒಪ್ಪಿಸುವ ಹೊಣೆ ಅವರ ತಲೆಯ ಮೇಲೂ ಬರುತ್ತಿತ್ತು. ಅವರನ್ನು ಉಳಿಸಿದ್ದು ಕಾಲ್ ಅಲ್ಲ, ಸ್ಟ್ರೈಕ್‌ಗಳು ಬೆಲೆಗಿಂತ ಮೇಲಿದ್ದದ್ದು.

ಷೇರು ಎರಡು ಸ್ಟ್ರೈಕ್‌ಗಳ ನಡುವೆ ನಿಂತಾಗಲೇ ಒಂದು ಆಪ್ಷನ್ ಸತ್ತು ಇನ್ನೊಂದು ಉಳಿಯುತ್ತದೆ. ಷೇರು 960ಕ್ಕಿಂತ ಕೆಳಗೆ ಹೋಗಿದ್ದರೆ ನನ್ನ ಎರಡೂ ಪುಟ್‌ಗಳು ಹಣದೊಳಗಿದ್ದು, ಕೊಡುವುದೂ ಕೊಳ್ಳುವುದೂ ಒಂದಕ್ಕೊಂದು ವಜಾ ಆಗಿ ಲಾಭ ಮಾತ್ರ ಕೈಗೆ ಬರುತ್ತಿತ್ತು. ಸ್ನೇಹಿತರ ಅಪಾಯದ ವಲಯ 1020ರಿಂದ 1060, ಅಂದರೆ ಅಂದಾಜು ತಪ್ಪಿದಾಗ ಮಾತ್ರ ಷೇರು ಹೋಗುವ ಜಾಗ. ನನ್ನದು 960ರಿಂದ 1000, ಅಂದರೆ ‘ಸಾಧಾರಣ ಇಳಿಕೆ’ ಎಂದು ನಾನೇ ಕಾಯುತ್ತಿದ್ದ ಜಾಗ.

ನಾನು ಈಗಲೂ ಪುಟ್ ಸ್ಪ್ರೆಡ್ಡನ್ನೇ ಮಾಡುತ್ತೇನೆ, ಹಾಕುವ ಹಣಕ್ಕೆ ಸಿಗುವ ಲಾಭ ಅದರಲ್ಲಿ ನನಗೆ ಒಪ್ಪುತ್ತದೆ. ಆದರೆ ಕೊನೆಯ ವಾರ ಶುರುವಾಗುವ ಮೊದಲೇ ಹೊರಬರುತ್ತೇನೆ. ಹೊರಬರುವಾಗ ಮಾರಿದ್ದನ್ನು ಮೊದಲು ಕೊಳ್ಳುತ್ತೇನೆ, ಆಮೇಲೆ ಕೊಂಡದ್ದನ್ನು ಮಾರುತ್ತೇನೆ. ಹಿಂದುಮುಂದಾದರೆ ಒಂಟಿಯಾಗಿ ಉಳಿದ ಮಾರಾಟಕ್ಕೆ ಮಾರ್ಜಿನ್ ಒಮ್ಮೆಲೇ ಏರುತ್ತದೆ. ಯಾವ ಕಾರಣಕ್ಕೋ ಕೊನೆಯ ದಿನದವರೆಗೂ ಉಳಿದು, ಪುಟ್ ಕೊಳ್ಳುವವರೇ ಸಿಗದಿದ್ದರೆ, ಅದೇ ತಿಂಗಳ, ಅದೇ ಷೇರಿನ ಒಂದು ಲಾಟ್ ಫ್ಯೂಚರ್ ಅನ್ನು ಮೂರೂವರೆಯೊಳಗೆ ಕೊಳ್ಳಬೇಕು. ಪುಟ್ 700 ಷೇರು ಕೊಡಬೇಕೆನ್ನುತ್ತದೆ, ಫ್ಯೂಚರ್ 700 ಷೇರು ತಂದುಕೊಡುತ್ತದೆ, ಎರಡೂ ವಜಾ ಆಗುತ್ತವೆ. ಅಂದು ಫ್ಯೂಚರ್ 972ರ ಆಸುಪಾಸಿನಲ್ಲೇ ಕೈಬದಲಾಗುತ್ತಿತ್ತು, ಅದಕ್ಕೆ ಬೇಕಾದ ಮಾರ್ಜಿನ್‌ಗೆ ನನ್ನ ಖಾತೆಯಲ್ಲಿದ್ದ ಆ ನಾಲ್ಕು ಲಕ್ಷ ಧಾರಾಳವಾಗಿ ಸಾಕಾಗುತ್ತಿತ್ತು.